ಕಾಲೇಜ್ ಫೆಸ್ಟಿನ ಐದು ದಿನದ ಟೀಸರ್ ಮಾಡಿದ ಬಗೆ: ಗೆಜ್ಜೆಯಿಂದ ಶುರು, ಮುಖ ಮಾತ್ರ ಇಲ್ಲ

ನಮ್ಮ ಕಾಸರಗೋಡಿನ ಕಾಲೇಜಲ್ಲಿ ಕಲ್ಚರಲ್ ಫೆಸ್ಟ್ ಗುರುವಾರ ಅಂತ ಫಿಕ್ಸ್ ಆದ ಮೇಲೆ ಟೀಸರ್ ಕೆಲಸ ನಮ್ಮ ತಲೆಗೆ ಬಂತು. ದಿನಕ್ಕೊಂದರ ಹಾಗೆ ಐದು ವಿಡಿಯೋ, ಒಂದೊಂದೂ 20 ಸೆಕೆಂಡಿನ ಒಳಗೆ, ಮೊಬೈಲಲ್ಲಿ ನೆಟ್ಟಗೆ ಹಿಡಿದು ನೋಡುವ ಸೈಜು ಅಂದ್ರೆ 1080x1920. ಕ್ಯಾಮರಾ ಅಂತ ಇದ್ದದ್ದು ಒಂದು ಫೋನು, ಒಂದು ಟ್ರೈಪಾಡು, ಎಡಿಟಿಂಗಿಗೆ ಒಬ್ಬಳು ಜೂನಿಯರ್ ಹುಡುಗಿ. ಕೆಲಸ ಹೇಗೆ ಆಯ್ತು ಅಂತ ಬರೆದಿಡ್ತೇನೆ, ಮುಂದಿನ ವರ್ಷ ಮಾಡುವವರಿಗೆ ಸುರುವಿಂದ ತಲೆ ಕೆರ್ಕೊಳ್ಳುದು ಬೇಡ.

ಸಾಮಾನ್ಯಕ್ಕೆ ಏನು ಮಾಡ್ತಾರೆ ಅಂದ್ರೆ ಹೋದ ವರ್ಷದ ಡ್ಯಾನ್ಸಿನ ಕ್ಲಿಪ್ಪುಗಳನ್ನು ಕತ್ತರಿಸಿ ಮೇಲೆ 5, 4, 3 ಅಂತ ದೊಡ್ಡ ಅಂಕೆ ಹಾಕಿ ಬಿಡ್ತಾರೆ. ಅದ್ರಲ್ಲಿ ಮೊದಲ ದಿನದ್ದಕ್ಕೂ ನಾಲ್ಕನೇ ದಿನದ್ದಕ್ಕೂ ಅಂಕೆ ಬಿಟ್ರೆ ವ್ಯತ್ಯಾಸ ಇರುದಿಲ್ಲ, ಹಾಗಾಗಿ ಎರಡನೇ ದಿನಕ್ಕೇ ಜನ ಮೇಲೆ ತಳ್ಳಿ ಮುಂದೆ ಹೋಗ್ತಾರೆ. ಐದು ದಿನ ಎಳೀಬೇಕಾದ್ರೆ ಐದು ಹಂತದಲ್ಲಿ ತಯಾರಾಗುವ ಒಂದು ಸಂಗತಿ ಬೇಕು, ಇವತ್ತು ನೋಡಿದವನಿಗೆ ನಾಳೆ ಎಷ್ಟು ಮುಂದೆ ಹೋಗಿದೆ ಅಂತ ನೋಡ್ಬೇಕು ಅನ್ನಿಸ್ಬೇಕು. ನಮ್ಮೂರಲ್ಲಿ ಅಂಥದ್ದನ್ನು ಹುಡುಕ್ಲಿಕ್ಕೆ ದೂರ ಹೋಗ್ಬೇಕಾ ಮಾರಾಯ್ರೆ, ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಪಕ್ಕದಲ್ಲುಂಟು. ಯಕ್ಷಗಾನದಲ್ಲಿ ರಾಕ್ಷಸರಿಗೆ ಹಾಕುವ ಬಣ್ಣದ ವೇಷ, ಚೌಕಿ ಅನ್ನುವ ಬಣ್ಣ ಹಚ್ಚುವ ಜಾಗದಲ್ಲಿ ಗಂಟೆಗಟ್ಟಲೆ ಕೂತು ತಯಾರಾಗ್ತದೆ, ಆಮೇಲೂ ರಂಗಕ್ಕೆ ಬಂದು ತೆರೆಯ ಹಿಂದೆ ನಿಂತು ಸ್ವಲ್ಪ ಕಿರೀಟ, ಸ್ವಲ್ಪ ಕೈ ಅಂತ ತೋರಿಸ್ತಾ ಆಡಿಸ್ತದೆ. ಟೀಸರ್ ಅಂದ್ರೆ ಇದೇ ಅಲ್ವಾ.

ಫೆಸ್ಟಿನ ಸಂಜೆಗೆ ಹೇಗೂ ಮಹಿಷಾಸುರನ ಪ್ರವೇಶ ಇಟ್ಟಿದ್ರು. ಹಾಗಾಗಿ ಅವನೇ ಕತೆ. ಕೆಲವರು ತೆಯ್ಯಂ ಹಾಕುವ, ಅದು ಇನ್ನೂ ಗಮ್ಮತ್ತು ಕಾಣ್ತದೆ ಅಂದ್ರು, ಬೇಡ ಅಂದೆ. ಅದು ದೈವ, ಫೆಸ್ಟಿನ ಜಾಹೀರಾತಿಗೆ ನಿಲ್ಲಿಸುವ ವಸ್ತು ಅಲ್ಲ. ಯಕ್ಷಗಾನದವರ ಹತ್ರವೂ ಮೊದಲು ಹೋಗಿ ಕೇಳಿಯೇ ಶೂಟ್ ಮಾಡಿದ್ದು, ಚೌಕಿಯಲ್ಲಿ ಗಣಪತಿ ಇಟ್ಟು ಪೂಜೆ ಮಾಡಿರ್ತಾರೆ, ಚಪ್ಪಲ್ ಹೊರಗೆ, ಕಿರೀಟವನ್ನು ನಾವು ಮುಟ್ಲಿಕ್ಕಿಲ್ಲ. ವೇಷದ ಮಾವ ಒಂದೇ ಮಾತು ಹೇಳಿದ್ದು: "ಮಗಾ, ಪೂರ್ತಿ ಮುಖ ಫೋನಲ್ಲೇ ತೋರಿಸಿದ್ರೆ ಮತ್ತೆ ಅಂದು ನಾನು ಯಾಕೆ ಬರುದು?" ಅದನ್ನೇ ಸ್ಕ್ರಿಪ್ಟಿನ ಮೇಲ್ಗಡೆ ಬರೆದಿಟ್ಟೆವು. ಐದು ವಿಡಿಯೋದಲ್ಲೂ ಪೂರ್ತಿ ಮುಖ ಇಲ್ಲ.

ಸ್ಕ್ರಿಪ್ಟ್ ಬರೀಲಿಕ್ಕೆ ಕೂತಾಗ ಮೊದಲ ತಕರಾರು ಕತೆಯದ್ದಲ್ಲ, ಮಾಹಿತಿಯದ್ದು. ಗುಟ್ಟು ಇಟ್ಕೊಂಡು ಕೊನೆಗೆ ಬಿಡುವ ಅಂತ ಹೊರಟ್ರೆ ರಿಜಿಸ್ಟ್ರೇಷನ್ ವಿಷಯವೂ ಕೊನೆಗೆ ಹೋಗಿ ಬೀಳ್ತದೆ. ಗ್ರೂಪ್ ಸ್ಪರ್ಧೆಗಳಿಗೆ ಹೆಸರು ಕೊಡ್ಲಿಕ್ಕೆ ಮಂಗಳವಾರ ಸಂಜೆ 5 ಕೊನೆ. ಹೊರಗಿನ ಕಾಲೇಜಿನವರು ಪ್ರಿನ್ಸಿಪಾಲರ ಪತ್ರ ತರಬೇಕು, ಮೊದಲ ವಿಡಿಯೋ ಬರುದು ಶನಿವಾರ ಸಂಜೆ, ಭಾನುವಾರ ಆಫೀಸಿಲ್ಲ, ಅಂದ್ರೆ ಅವರಿಗೆ ನಿಜವಾಗಿ ಸಿಗುದು ಸೋಮವಾರ ಮತ್ತೆ ಅರ್ಧ ಮಂಗಳವಾರ. (ಪತ್ರದ ಮೂಲಕ ಎಲ್ಲ ಕಾಲೇಜಿಗೂ ಮೊದಲೇ ತಿಳಿಸಿ ಆಗಿತ್ತು, ಆದ್ರೆ ಆ ಪತ್ರ ನೋಟಿಸ್ ಬೋರ್ಡಲ್ಲಿ ಯಾವ ಕಾಗದದ ಅಡಿಗೆ ಹೋಯ್ತೋ ದೇವರಿಗೇ ಗೊತ್ತು.) ಹಾಗಾಗಿ ಚಿತ್ರ ಮತ್ತೆ ಅಕ್ಷರ ಎರಡನ್ನೂ ಬೇರೆ ಬೇರೆ ದಾರಿಯಲ್ಲಿ ಬಿಟ್ಟೆವು. ಚಿತ್ರ ಅಡಗಿಸ್ತಾ ಹೋಗುದು, ಅಕ್ಷರ ಮೊದಲ ದಿನದಿಂದಲೇ ಬಾಯಿ ಬಿಡುದು. ಯಾವ ಮಾಹಿತಿ ಯಾವ ದಿನ ಅಂತ ತೀರ್ಮಾನ ಮಾಡ್ಲಿಕ್ಕೆ ಒಂದೇ ಪ್ರಶ್ನೆ: ನೋಡಿದವನು ಇದಕ್ಕಾಗಿ ಏನಾದ್ರೂ ಮಾಡ್ಬೇಕಾದ್ರೆ ಅವನಿಗೆ ಎಷ್ಟು ಹೊತ್ತು ಬೇಕು? ಜಾಸ್ತಿ ಹೊತ್ತು ಬೇಕಾದ್ದು ಮೊದಲು. ಟೀಮ್ ಹೆಸರು ಶನಿವಾರ, ಸ್ಪರ್ಧೆಗಳ ಪಟ್ಟಿ ಭಾನುವಾರ, ಕೊನೆ ದಿನಾಂಕದ ನೆನಪು ಸೋಮವಾರ, ಐಡಿ ಕಾರ್ಡು ಮತ್ತೆ ಯಾವ ಗೇಟು ಅನ್ನುದು ಮಂಗಳವಾರ, ಸಮಯ ಬುಧವಾರ.

ದಿನ ಎಣಿಸುದರಲ್ಲೂ ಒಂದು ಸಣ್ಣ ಗಲಾಟೆ ಆಯ್ತು. ಫೆಸ್ಟಿನ ದಿನವನ್ನೂ ಸೇರಿಸಿ ಎಣಿಸುದಾ ಬಿಟ್ಟು ಎಣಿಸುದಾ? ಬಿಟ್ಟು ಎಣಿಸಿದ್ರೆ ಗುರುವಾರಕ್ಕೆ ಐದು ದಿನ ಇರುದು ಶನಿವಾರ, ಸೇರಿಸಿದ್ರೆ ಭಾನುವಾರ. ಪೋಸ್ಟರಿನವರು ಒಂದು ಲೆಕ್ಕ, ವಿಡಿಯೋದವರು ಇನ್ನೊಂದು ಲೆಕ್ಕ ಹಿಡಿದ್ರೆ ಒಂದೇ ಸಂಜೆ ಎರಡು ಅಂಕೆ ಹೊರಗೆ ಬರ್ತದೆ. ಬಿಟ್ಟೇ ಎಣಿಸುದು ಅಂತ ಮಾಡಿ ಕೊನೆಯ ದಿನ "ಇನ್ನು 1 ದಿನ" ಬದಲಿಗೆ "ನಾಳೆ" ಅಂತಲೇ ಹಾಕಿದ್ದು. ಮತ್ತೆ, ಸೋಮವಾರದ ವಿಡಿಯೋ ಯಾರೋ ಬುಧವಾರ ಯಾವುದೋ ಗ್ರೂಪಿಗೆ ಫಾರ್ವರ್ಡ್ ಮಾಡ್ತಾರೆ, ಅಲ್ಲಿ "ಇನ್ನು 3 ದಿನ" ಅಂತ ನೋಡಿದವನು ಶನಿವಾರ ಬಂದು ಗೇಟಲ್ಲಿ ನಿಲ್ತಾನೆ. ಅದಕ್ಕೆ ಐದರಲ್ಲೂ ಕಾರ್ಡಿನಲ್ಲಿ ತಾರೀಕು ಮತ್ತೆ ಗುರುವಾರ ಅಂತ ಇದ್ದೇ ಇರ್ಬೇಕು, ಅಂಕೆ ಹಳತಾಗ್ತದೆ, ತಾರೀಕು ಆಗುದಿಲ್ಲ.

ಈಗ ಸ್ಕ್ರಿಪ್ಟ್. ಶನಿವಾರದ್ದನ್ನು ಪೂರ್ತಿ ಹಾಕ್ತೇನೆ, ಉಳಿದದ್ದು ಇದೇ ನಮೂನೆ.

ಸೆಕೆಂಡ್ 0 ರಿಂದ 3: ಕಪ್ಪು ಸ್ಕ್ರೀನ್. ಗೆಜ್ಜೆ ಒಂದೇ ಸಲ, ಝಲ್.
3 ರಿಂದ 8: ಕಾಲಿಗೆ ಗೆಜ್ಜೆ ಕಟ್ಟುವ ಕೈ, ಹತ್ತಿರದಿಂದ. ಹಗ್ಗ ಎಳೆಯುವ ಸದ್ದು. ಮಾತಿಲ್ಲ.
8 ರಿಂದ 13: ಕಾಲು ನೆಲಕ್ಕೆ ಒಂದು ಬಡಿತ, ಧೂಳು. ಧ್ವನಿ: "ಒಬ್ಬ ಹೊರಟಿದ್ದಾನೆ. ಇಲ್ಲಿಗೆ ಮುಟ್ಲಿಕ್ಕೆ ಐದು ದಿನ ಉಂಟು."
13 ರಿಂದ 18: ಕಾರ್ಡ್. ಫೆಸ್ಟಿನ ಹೆಸರು, ಗುರುವಾರ, ತಾರೀಕು. ಕೆಳಗೆ: "ಟೀಮ್ ಹೆಸರು ಮಂಗಳವಾರ ಸಂಜೆ 5ರ ಒಳಗೆ."

ಮಾತು ಇಷ್ಟೇ ಯಾಕೆ ಅಂದ್ರೆ, ಮೊದಲು ಬರೆದ ಡ್ರಾಫ್ಟಲ್ಲಿ ನಮ್ಮ ಸಾಹಿತ್ಯ ಸಂಘದವರು ಅರ್ಧ ಪುಟ ಪದ್ಯದ ಹಾಗೆ ಬರೆದು ಕೊಟ್ಟಿದ್ರು, ಓದ್ಲಿಕ್ಕೆ ಚಂದ ಉಂಟು. ಫೋನಿನ ಟೈಮರ್ ಹಾಕಿ ಗತ್ತಿನಲ್ಲಿ ಓದಿ ನೋಡಿದ್ರೆ ಕನ್ನಡದಲ್ಲಿ 10 ಸೆಕೆಂಡಿಗೆ 15 ಪದದ ಆಸುಪಾಸು ಹೋಗ್ತದೆ, ಅದಕ್ಕಿಂತ ಜಾಸ್ತಿ ತುಂಬಿಸಿದ್ರೆ ಬಸ್ಸಿನ ಕಂಡಕ್ಟರ್ ಊರ ಹೆಸರು ಕೂಗಿದ ಹಾಗೆ ಆಗ್ತದೆ. ಸದ್ದಿಗೂ ಜಾಗ ಬಿಡಬೇಕಲ್ಲ. ಹಾಗಾಗಿ ಒಂದು ಟೀಸರಿಗೆ ಜಾಸ್ತಿ ಅಂದ್ರೆ ಎರಡು ವಾಕ್ಯ ಅಂತ ರೂಲ್ ಮಾಡಿದೆವು.

ಭಾನುವಾರದ್ದು ಬಣ್ಣ. ತೆಂಗಿನೆಣ್ಣೆಯಲ್ಲಿ ಬಣ್ಣ ಕಲಸುವ ಬೆರಳು, ಆಮೇಲೆ ಚಿಟ್ಟಿ ಇಡುದು. ಅಕ್ಕಿಹಿಟ್ಟು ಸುಣ್ಣ ಸೇರಿಸಿ ಕಲಸಿದ್ದನ್ನು ಕಡ್ಡಿಯ ತುದಿಯಲ್ಲಿ ತೆಗೆದು ಕೆನ್ನೆಯ ಮೇಲೆ ಒಂದೊಂದೇ ಬೊಟ್ಟು ಇಡ್ತಾ ಹೋಗ್ತಾರೆ, ಬೊಟ್ಟಿನ ಮೇಲೆ ಬೊಟ್ಟು ಏರಿ ಮುಳ್ಳಿನ ಹಾಗೆ ಎದ್ದು ನಿಲ್ತದೆ. ಇದನ್ನು ಕ್ಯಾಮರಾದಲ್ಲಿ ಕೆನ್ನೆಯಷ್ಟೇ ಕಾಣುವ ಹಾಗೆ ಹಿಡಿದು, ಒಂದೊಂದು ಬೊಟ್ಟಿಗೂ ಒಂದು ಚೆಂಡೆ ಪೆಟ್ಟು ಕೂಡಿಸಿದ್ದು. ನಮ್ಮ ಐದರಲ್ಲಿ ನೋಡ್ಲಿಕ್ಕೆ ಅತ್ಯಂತ ಚಂದ ಬಂದದ್ದು ಇದೇ. ಪೆಟ್ಟು ಬೊಟ್ಟಿಗಿಂತ ಒಂದು ಫ್ರೇಮ್ ಹಿಂದೆ ಬಂದ್ರೆ ತೊಂದರೆ ಇಲ್ಲ, ಮುಂದೆ ಬಂದ್ರೆ ಕೂಡಲೇ ಸುಳ್ಳು ಅಂತ ಗೊತ್ತಾಗ್ತದೆ, ಎಡಿಟ್ ಮಾಡುವಾಗ ಅದು ಲಕ್ಷ್ಯ ಇರಲಿ. ಮಾತು: "ಬಣ್ಣ ಏರಿದೆ. ಹೆಸರು ಈಗ ಹೇಳುದಿಲ್ಲ."

ಚೌಕಿಯಲ್ಲಿ ಶೂಟ್ ಮಾಡುವಾಗ ಒಂದು ಕಿರಿಕಿರಿ ಬಂತು. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಕ್ಲಿಪ್ಪಲ್ಲಿ ಮೇಲಿಂದ ಕೆಳಗೆ ಕಪ್ಪು ಪಟ್ಟಿಗಳು ಓಡ್ತಾ ಇದ್ದವು. ಫೋನಿನ ಸಣ್ಣ ಸ್ಕ್ರೀನಲ್ಲಿ ಅಷ್ಟು ಕಾಣುದಿಲ್ಲ, ಲ್ಯಾಪ್‌ಟಾಪಿಗೆ ಹಾಕಿದಾಗ ಎದ್ದು ಕಾಣ್ತದೆ. ಕಾರಣ ಇಷ್ಟೇ, ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಹೊಳೆದು ಮಂಕಾಗ್ತದೆ, ಫೋನ್ ತಾನಾಗಿ 1/60 ಶಟರ್ ಹಿಡಿದ್ರೆ ಅದು ಇದಕ್ಕೆ ತಾಳ ಕೂಡುದಿಲ್ಲ. ಪ್ರೊ ಮೋಡಿಗೆ ಹೋಗಿ ಶಟರನ್ನು 1/50ಕ್ಕೆ ಲಾಕ್ ಮಾಡಿದ ಕೂಡಲೇ ಪಟ್ಟಿ ಮಾಯ, ಬೆಳಕು ಜಾಸ್ತಿ ಆದ್ರೆ 1/100 ಇಟ್ಟರೂ ಆಗ್ತದೆ. ಪ್ರೊ ಮೋಡ್ ಇಲ್ಲದ ಫೋನಾದ್ರೆ ಕ್ಯಾಮರಾ ಸೆಟ್ಟಿಂಗಲ್ಲಿ ಫ್ಲಿಕರ್ ಅಂತ ಎಲ್ಲಾದ್ರೂ ಉಂಟಾ ನೋಡಿ 50 ಹರ್ಟ್ಸ್ ಮಾಡಿ, ಅದೂ ಇಲ್ಲದಿದ್ರೆ ಹಗಲು ಕಿಟಕಿ ಪಕ್ಕ ಕೂರಿಸಿ. ಎಡಿಟಿಂಗಲ್ಲಿ ಪಟ್ಟಿ ತೆಗೀಲಿಕ್ಕೆ ಹೋದ್ರೆ ಬಣ್ಣವೂ ಕೆಡ್ತದೆ.

ಚೆಂಡೆ ರೆಕಾರ್ಡಿಂಗ್ ಇನ್ನೊಂದು ಕತೆ. ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನ ಚೆಂಡೆ ಅಂದ್ರೆ ಗೊತ್ತಲ್ಲ, ಊರಾಚೆ ಕೇಳ್ತದೆ. ಫೋನು ಹತ್ರ ಇಟ್ಟು ಎತ್ತಿದ ಸದ್ದು ಪೂರ್ತಿ ಒಡೆದು ಬಂತು, ಎಡಿಟರಲ್ಲಿ ಅಲೆಯ ತಲೆ ಎಲ್ಲ ಕತ್ತರಿಸಿದ ಹಾಗೆ ಚಪ್ಪಟೆ. ಹಾಗೆ ಚಪ್ಪಟೆಯಾದದ್ದನ್ನು ವಾಲ್ಯೂಮ್ ಇಳಿಸಿ ಸರಿ ಮಾಡ್ಲಿಕ್ಕೆ ಆಗುದಿಲ್ಲ, ಮತ್ತೆ ಬಾರಿಸಿಯೇ ಆಗ್ಬೇಕು. ಹಾಲ್ ಬಿಟ್ಟು ಹೊರಗೆ ತೋಟದ ಬದಿಗೆ ಹೋಗಿ, ಫೋನನ್ನು ನಾಲ್ಕೈದು ಮೀಟರ್ ದೂರದಲ್ಲಿ ಇಟ್ಟು, ಚೆಂಡೆಯ ಬಾಯಿ ನೇರ ಫೋನಿಗೆ ಮುಖ ಮಾಡದ ಹಾಗೆ ಸ್ವಲ್ಪ ಓರೆ ನಿಲ್ಲಿಸಿ ಮಾಡಿದಾಗ ಚೊಕ್ಕ ಬಂತು. ಚೆಂಡೆಯ ಅಣ್ಣ ಪಾಪ ಬೇಜಾರಿಲ್ಲದೆ ಬಾರಿಸಿದ್ರು, "ಮೆಲ್ಲ ಬಾರಿಸಿ" ಅಂದದ್ದಕ್ಕೆ ಮಾತ್ರ ಒಮ್ಮೆ ಗುರಾಯಿಸಿದ್ರು. ಅದು ಸರಿಯೇ, ಮೆಲ್ಲ ಬಾರಿಸಿದ ಚೆಂಡೆಗೆ ಆ ನಾದ ಇಲ್ಲ. ಮದ್ದಳೆಯೂ ರೆಕಾರ್ಡ್ ಮಾಡಿದ್ದೆವು, ಆದ್ರೆ ಅದ್ರ ತಗ್ಗಿನ ಸ್ವರ ಫೋನಿನ ಸ್ಪೀಕರಲ್ಲಿ ಕೇಳುದೇ ಇಲ್ಲ, ಹೆಡ್‌ಫೋನಲ್ಲಿ ಮಾತ್ರ. ನೋಡುವವರು ಎಲ್ಲ ಫೋನಲ್ಲೇ ನೋಡುದು, ಹಾಗಾಗಿ ಚೆಂಡೆ, ಗೆಜ್ಜೆ, ಚಕ್ರತಾಳ ಮೂರೇ ಇಟ್ಟೆವು. ಸಿನಿಮಾ ಹಾಡು ಒಂದೂ ಇಲ್ಲ, ಅದನ್ನು ಹಾಕಿದ್ರೆ ಹಕ್ಕಿನ ತಕರಾರಲ್ಲಿ ವಿಡಿಯೋ ಮ್ಯೂಟ್ ಆಗುವ ಭಯ ಬೇರೆ, ಐದು ದಿನದ ಲೆಕ್ಕದಲ್ಲಿ ಒಂದು ದಿನ ಮ್ಯೂಟ್ ಆದ್ರೆ ಮುಗೀತು.

ಸೋಮವಾರದ ವಿಡಿಯೋದಲ್ಲಿ ಕಣ್ಣು ಮಾತ್ರ. ವೇಷದ ಮಾವ ಕೈಯಲ್ಲಿ ಹಿಡಿಯುವ ಸಣ್ಣ ಕನ್ನಡಿ, ಅದ್ರೊಳಗೆ ಮುಚ್ಚಿದ ಒಂದು ಕಣ್ಣು, ಚೆಂಡೆ ಉರುಳಿಕೆ ನಿಂತ ಕ್ಷಣಕ್ಕೆ ಕಣ್ಣು ತೆರೀತದೆ. ಮಾತೇ ಇಲ್ಲ. ಕಾರ್ಡಲ್ಲಿ "ನಾಳೆ ಸಂಜೆ 5 ಕೊನೆ". ಇದು ಎಲ್ಲಕ್ಕಿಂತ ಗಿಡ್ಡ, 12 ಸೆಕೆಂಡ್.

ಮಂಗಳವಾರ ಕೊಂಬು. ಮಹಿಷಾಸುರ ಬರುವ ದೇವಿ ಮಹಾತ್ಮೆ ಯಕ್ಷಗಾನ ನೋಡಿದವರಿಗೆ ಎರಡು ಕೊಂಬಿನ ನೆರಳು ಕಂಡ್ರೆ ಸಾಕು, ಬೇರೆ ಹೇಳ್ಲಿಕ್ಕಿಲ್ಲ. ಅದಕ್ಕೇ ಕೊಂಬನ್ನು ಎರಡು ದಿನ ಉಳಿಯುವ ತನಕ ಎಲ್ಲೂ ಹೊರಗೆ ಬಿಡಲಿಲ್ಲ, ಭಾನುವಾರದ ಒಂದು ಕ್ಲಿಪ್ಪಲ್ಲಿ ಹಿಂದೆ ಗೋಡೆಗೆ ಕಿರೀಟ ಒರಗಿಸಿ ಇಟ್ಟದ್ದು ಕಾಣ್ತಿತ್ತು, ಚಂದದ ಕ್ಲಿಪ್ ಆದ್ರೂ ಬಿಟ್ಟೆವು. ಮಂಗಳವಾರದ್ದನ್ನು ಕಾಲೇಜಿನ ಉದ್ದ ವರಾಂಡದಲ್ಲಿ ಕತ್ತಲಾದ ಮೇಲೆ ತೆಗೆದದ್ದು, ನೆಲದ ಮೇಲೆ ಒಂದೇ ಟಾರ್ಚ್, ಅದ್ರ ಮುಂದೆ ವೇಷ, ಗೋಡೆಯಲ್ಲಿ ನೆರಳು. ಟಾರ್ಚಿಗೆ ಹತ್ರ ಬಂದಷ್ಟೂ ನೆರಳು ದೊಡ್ಡ ಆಗ್ತದೆ, ಹಾಗಾಗಿ ವೇಷ ಟಾರ್ಚಿನ ಕಡೆಗೆ ಹಿಂದೆ ಹಿಂದೆ ನಡೆದದ್ದು, ವಿಡಿಯೋದಲ್ಲಿ ನೋಡುವಾಗ ಯಾರೋ ಎದ್ದು ಬೆಳೆದು ಬರುವ ಹಾಗೆ. ರಂಗಸ್ಥಳದಲ್ಲಾದ್ರೆ ದೊಂದಿಗೆ ರಾಳದ ಪುಡಿ ಎರಚಿ ಬೆಂಕಿ ಎಬ್ಬಿಸ್ತಾರೆ, ವರಾಂಡದಲ್ಲಿ ಬೆಂಕಿಗೆ ಪರ್ಮಿಷನ್ ಇಲ್ಲ, ಟಾರ್ಚಿಗೆ ಕಿತ್ತಳೆ ಬಣ್ಣದ ಗ್ಲಾಸ್ ಪೇಪರ್ ಸುತ್ತಿ ಒಬ್ಬ ಅದ್ರ ಮುಂದೆ ಬೆರಳು ಆಡಿಸಿದ್ದು ಅಷ್ಟೆ.

ಆ ದಿನದ ಧ್ವನಿಗೆ ಒಬ್ಬ ನಿರೂಪಕ ಬೇಡ ಅಂತ ಮಾಡಿದೆವು. ನಮ್ಮಲ್ಲಿ ಒಂದೇ ಬೆಂಚಲ್ಲಿ ಮೂರು ಭಾಷೆ ಕೂತಿರ್ತದೆ, ಹಾಗಾಗಿ ಕತ್ತಲಲ್ಲಿ ಪಿಸುಮಾತು: "ಯಾರದು?" ಆಮೇಲೆ ತುಳುವಲ್ಲಿ "ಏರ್ ಅವು?" ಆಮೇಲೆ ಮಲಯಾಳದಲ್ಲಿ "ಅದ್ ಆರಾ?" ಮೂರೂ ಒಂದರ ಮೇಲೆ ಒಂದು ಬಿದ್ದು ಚೆಂಡೆಯಲ್ಲಿ ಮುಳುಗಿ ಹೋಗ್ತದೆ. ಇದನ್ನು ಮೈಕ್ ಎದುರು ನಟನೆ ಮಾಡಿಸಿದ್ರೆ ನಾಟಕದ ಹಾಗೆ ಬರ್ತಿತ್ತು, ನಾವು ನೆರಳಿನ ಶೂಟ್ ನೋಡ್ಲಿಕ್ಕೆ ಬಂದವರ ಹತ್ರವೇ ಅಲ್ಲೇ ನಿಲ್ಲಿಸಿ ಹೇಳಿಸಿದ್ದು.

ಅಕ್ಷರದ ಬಗ್ಗೆ ಒಂದು ಮಾತು ಹೇಳ್ಲೇಬೇಕು ಯಾಕಂದ್ರೆ ಪ್ರತಿ ವರ್ಷ ಇದ್ರಲ್ಲಿ ಮರ್ಯಾದೆ ಹೋಗುದು. ಎಡಿಟಿಂಗ್ ಆ್ಯಪ್‌ಗಳಲ್ಲಿ ಕೆಲವಕ್ಕೆ ಕನ್ನಡದ ಒತ್ತಕ್ಷರ ಕೂಡಿಸ್ಲಿಕ್ಕೆ ಬರುದಿಲ್ಲ, ಒತ್ತು ಕೆಳಗೆ ಹೋಗುವ ಬದಲು ಪಕ್ಕದಲ್ಲಿ ಬಂದು ಕೂರ್ತದೆ, ಅರ್ಕಾವತ್ತು ಎಲ್ಲೋ ಹೋಗ್ತದೆ. ಪರೀಕ್ಷೆ ಮಾಡ್ಲಿಕ್ಕೆ ನಾವು ಇಟ್ಕೊಂಡ ಎರಡು ಪದ "ಸಾಂಸ್ಕೃತಿಕ ಸ್ಪರ್ಧೆ". ಇದು ಸರಿ ಬಂದ್ರೆ ಉಳಿದದ್ದೂ ಹೆಚ್ಚುಕಮ್ಮಿ ಸರಿ ಬರ್ತದೆ. ನಮ್ಮ ಆ್ಯಪಲ್ಲಿ ಬರಲಿಲ್ಲ. ಫಾಂಟ್ ಬದಲಿಸಿದ್ರೂ ಬರಲಿಲ್ಲ, ಅಂದ್ರೆ ತೊಂದರೆ ಫಾಂಟಿದ್ದಲ್ಲ ಆ್ಯಪಿದ್ದು. ಹಾಗಾಗಿ ಕಾರ್ಡುಗಳನ್ನೆಲ್ಲ ಲ್ಯಾಪ್‌ಟಾಪಲ್ಲಿ ಇಂಕ್‌ಸ್ಕೇಪಲ್ಲಿ ಬಾಲೂ ತಮ್ಮ ಫಾಂಟ್ ಹಾಕಿ ಮಾಡಿ, ಹಿಂಬದಿ ಪಾರದರ್ಶಕ ಇರುವ PNG ಚಿತ್ರವಾಗಿ ತೆಗೆದು ವಿಡಿಯೋ ಮೇಲೆ ಕೂರಿಸಿದ್ದು. ಚಿತ್ರ ಆದ ಮೇಲೆ ಅದನ್ನು ಯಾವ ಆ್ಯಪೂ ಒಡೆಯುದಿಲ್ಲ. ಕಷ್ಟ ಏನಂದ್ರೆ ಸಮಯ ಬದಲಾದ್ರೆ ಮತ್ತೆ ಹೊಸ ಚಿತ್ರ ತೆಗೀಬೇಕು, ಅದಕ್ಕೆ ಸಮಯ ಇರುವ ಸಾಲು ಬೇರೆ ಚಿತ್ರ, ಹೆಸರು ಇರುವ ಸಾಲು ಬೇರೆ ಚಿತ್ರ ಮಾಡಿ ಇಟ್ಟದ್ದು. ಮಲಯಾಳ ಲಿಪಿಯ ಸಾಲನ್ನೂ ಹಾಗೇ ಮಾಡಿ ಕನ್ನಡದ ಕೆಳಗೆ ಇಟ್ಟೆವು. ಕಾರ್ಡಿನ ಅಕ್ಷರ ಯಾವಾಗಲೂ ಸ್ಕ್ರೀನಿನ ನಡುವಲ್ಲಿ ಇರ್ಲಿ, ರೀಲ್ಸ್‌ನಲ್ಲಿ ಕೆಳಗಿನ ಐದರಲ್ಲೊಂದು ಪಾಲಿನ ಮೇಲೆ ಅಕೌಂಟ್ ಹೆಸರು, ಕ್ಯಾಪ್ಷನ್ ಎಲ್ಲ ಬಂದು ಕೂರ್ತದೆ, ಬಲಬದಿಯಲ್ಲಿ ಲೈಕ್ ಬಟನ್.

ಹಾಕುವ ಸಮಯ ಐದೂ ದಿನ ಸಂಜೆ 7.30. ಬಸ್ಸು ಟ್ರೈನಲ್ಲಿ ಹೋಗುವವರು ಮನೆ ಮುಟ್ಟಿ ಚಾ ಕುಡಿದು ಫೋನ್ ಹಿಡಿಯುವ ಹೊತ್ತು. ಒಂದೇ ಸಮಯ ಇಟ್ಕೊಳ್ಳುದಕ್ಕೆ ಇನ್ನೊಂದು ಕಾರಣ ವಾಟ್ಸಾಪ್ ಸ್ಟೇಟಸ್. ಅದು 24 ಗಂಟೆಗೆ ಹೋಗ್ತದೆ, ಇವತ್ತಿನದ್ದು ಹೋಗುವ ಹೊತ್ತಿಗೆ ಸರಿಯಾಗಿ ನಾಳೆಯದ್ದು ಬಂದು ಕೂತ್ರೆ ನಡುವೆ ಖಾಲಿ ಬೀಳುದಿಲ್ಲ, ಹಳೆ ಅಂಕೆ ಹೊಸ ಅಂಕೆ ಎರಡೂ ಒಟ್ಟಿಗೆ ಇರುದೂ ಇಲ್ಲ. ಕ್ಲಾಸ್ ರೆಪ್‌ಗಳಿಗೆ ಫೈಲನ್ನು ಡಾಕ್ಯುಮೆಂಟ್ ಆಗಿಯೇ ಕಳಿಸ್ಬೇಕು. ವಿಡಿಯೋ ಅಂತ ಕಳಿಸಿದ್ರೆ ಕಂಪ್ರೆಸ್ ಆಗ್ತದೆ, ಅವರು ಸ್ಟೇಟಸಿಗೆ ಹಾಕುವಾಗ ಇನ್ನೊಮ್ಮೆ ಆಗ್ತದೆ, ಕತ್ತಲೆ ಸೀನ್ ಇರುವ ಮಂಗಳವಾರದ್ದು ಹಾಗೆ ಹೋದ್ರೆ ಗೋಡೆಯ ನೆರಳೆಲ್ಲ ಚೌಕ ಚೌಕ.

ಇನ್ನು ಬುಧವಾರದ್ದು. ಇದಕ್ಕೆ ಮೊದಲು ಬರೆದ ಸ್ಕ್ರಿಪ್ಟ್ ಏನಂದ್ರೆ, ಸ್ಟೇಜ್, ಇಬ್ಬರು ಹುಡುಗರು ತೆರೆ ಹಿಡಿದಿದ್ದಾರೆ, ಹಿಂದಿಂದ ಕೊಂಬಿನ ತುದಿ ಕಾಣ್ತದೆ, ತೆರೆ ಇಳೀತದೆ ಅನ್ನುವಾಗ ಕಟ್. ಚಂದವೇ ಇತ್ತು. ಆದ್ರೆ ವೇಷದ ಮಾವ ಓದಿ ನಕ್ಕು, "ಇವ ತೆರೆಯ ಹಿಂದಿಂದ ಬರುವವ ಅಲ್ಲ ಮಗಾ, ಜನರ ನಡುವಿಂದ ಬರುವವ" ಅಂದ್ರು. ಹೌದಲ್ಲ, ಮಹಿಷಾಸುರ ಬರುದು ಪ್ರೇಕ್ಷಕರ ಹಿಂದಿನಿಂದ, ದೊಂದಿ ಹಿಡಿದವರ ಒಟ್ಟಿಗೆ, ಬೊಬ್ಬೆ ಹೊಡೀತಾ. ಮಕ್ಕಳೆಲ್ಲ ಅಮ್ಮಂದಿರ ಮಡಿಲಿಗೆ ಹಾರುದು ಅಲ್ಲೇ. ಅದ್ರಿಂದ ಸ್ಕ್ರಿಪ್ಟ್ ಪೂರ್ತಿ ತಿರುಗಿತು, ತೆರೆಯನ್ನು ತೆಗೀಲಿಲ್ಲ, ಆದ್ರೆ ಅದನ್ನೇ ಮೋಸಕ್ಕೆ ಇಟ್ಟೆವು.

ಮಾಡಿದ್ದು ಹೀಗೆ. ಸುರುವಿಗೆ ಕಾರ್ಡ್, ಎರಡೇ ಸೆಕೆಂಡ್, ತಾರೀಕು ಮತ್ತೆ ಗುರುವಾರ ಅನ್ನುದರ ಒಟ್ಟಿಗೆ: "ನಾಳೆ. ಬೆಳಿಗ್ಗೆ 9.30ರಿಂದ. ಅವನು ಬರುದು ಸಂಜೆ 6.30." ಆಮೇಲೆ ಸ್ಟೇಜ್, ನಡುವೆ ಕೆಂಪು ತೆರೆ, ಎರಡು ಕಡೆ ಇಬ್ಬರು. ಚೆಂಡೆ ಮೆಲ್ಲ ಏರ್ತದೆ. ತೆರೆ ಒಂದು ಸಲ ಅಲುಗಾಡ್ತದೆ. ನಾಲ್ಕು ದಿನ ನೋಡಿದವರು ಈಗ ಕಣ್ಣನ್ನು ತೆರೆಯ ಮೇಲಿನ ಅಂಚಲ್ಲೇ ನೆಟ್ಟಿರ್ತಾರೆ. ಚೆಂಡೆ ಫಕ್ಕನೆ ನಿಲ್ತದೆ, ತೆರೆ ಇಳೀತದೆ, ಹಿಂದೆ ಯಾರೂ ಇಲ್ಲ, ಖಾಲಿ. ಅಷ್ಟು ಹೊತ್ತಿಗೆ ತೆರೆ ಹಿಡಿದ ಇಬ್ಬರ ಕಣ್ಣು ಕ್ಯಾಮರಾ ದಾಟಿ ಹಿಂದಕ್ಕೆ ಹೋಗ್ತದೆ.

ಫೋನಿನ ಸಣ್ಣ ಸ್ಪೀಕರಲ್ಲಿ ಸದ್ದನ್ನು ಹಿಂದಿಂದ ಬರಿಸ್ಲಿಕ್ಕೆ ಆಗುದಿಲ್ಲ, ಯಾವ ಎಫೆಕ್ಟ್ ಹಾಕಿದ್ರೂ ಅದು ಎದುರಿಂದಲೇ ಬರುದು. ಹಾಗಾಗಿ ದಿಕ್ಕು ತೋರಿಸುವ ಕೆಲಸ ಪೂರ್ತಿ ಆ ಎರಡು ಜೊತೆ ಕಣ್ಣಿದ್ದು. ಇಬ್ಬರೂ ಒಟ್ಟಿಗೆ ನೋಡಿದ್ರೆ ಕವಾಯತ್ತು ಮಾಡಿದ ಹಾಗೆ ಕಾಣ್ತಿತ್ತು, ಅದಕ್ಕೆ ಎಡದವನು ಮೊದಲು, ಬಲದವನು ಅವನ ಮುಖ ನೋಡಿ ಆಮೇಲೆ. ಮತ್ತೆ ಎಲ್ಲಿ ನೋಡ್ಬೇಕು ಅಂತ ಬಾಯಲ್ಲಿ ಹೇಳಿದ್ರೆ ಒಬ್ಬೊಬ್ಬ ಒಂದೊಂದು ಕಡೆ ನೋಡ್ತಾನೆ, ಕ್ಯಾಮರಾ ಹಿಂದೆ ಏಳೆಂಟು ಮೀಟರ್ ದೂರದಲ್ಲಿ ಒಬ್ಬನನ್ನು ಕುರ್ಚಿ ಮೇಲೆ ಹತ್ತಿಸಿ ಟಾರ್ಚ್ ಹಿಡಿಸಿ ಅದನ್ನೇ ನೋಡಿ ಅಂದೆವು. ಟಾರ್ಚಿನ ಬೆಳಕು ಸ್ವಲ್ಪ ಅವರ ಮುಖಕ್ಕೂ ಬಿತ್ತು, ಅದು ದೊಂದಿಯ ಹಾಗೆ ಕಂಡದ್ದು ಲಾಭ. ಗೆಜ್ಜೆ ಸದ್ದನ್ನು ಕಣ್ಣು ತಿರುಗಿದ ಮೇಲೆ ಹಾಕಿದ್ದು, ಮೊದಲು ಹಾಕಿದ್ರೆ ಆ ಸದ್ದು ತೆರೆಯ ಹಿಂದಿನದ್ದು ಅಂತ ಆಗಿಬಿಡ್ತದೆ.

ಕೊನೆಗೆ ಕಪ್ಪು, ಅದ್ರ ಮೇಲೆ ಗೆಜ್ಜೆ ಹತ್ರ ಹತ್ರ ಬಂದು ನಿಲ್ತದೆ. ಕಾರ್ಡನ್ನು ಸುರುವಿಗೆ ತಂದದ್ದು ಈ ಕಪ್ಪಿಗೋಸ್ಕರ, ಅಲ್ಲಿ ಸಮಯ, ಐಡಿ ಕಾರ್ಡ್ ಅಂತೆಲ್ಲ ಬಂದ್ರೆ ಎಲ್ಲ ನೀರಾಗ್ತದೆ. ರೀಲ್ಸ್ ತಾನಾಗಿ ಮತ್ತೆ ಸುರುವಿಂದ ಓಡುದ್ರಿಂದ ಕಪ್ಪಿನ ನಂತರ ನೇರ "ನಾಳೆ" ಅನ್ನುವ ಕಾರ್ಡೇ ಬಂದು ನಿಲ್ತದೆ, ಹಾಗಾಗಿ ಸಮಯ ಓದದೆ ಹೋದವನಿಗೂ ಎರಡನೇ ಸುತ್ತಲ್ಲಿ ಸಿಗ್ತದೆ. ಸ್ಟೇಟಸಲ್ಲಿ ಹಾಗೆ ತಿರುಗಿ ಓಡುದಿಲ್ಲ, ಅಲ್ಲಿಗೆ ಕಾರ್ಡನ್ನು ನಾಲ್ಕು ಸೆಕೆಂಡಿಗೆ ಎಳೆದು ಬೇರೆ ಫೈಲ್ ಮಾಡಿ ಕೊಟ್ಟೆವು.